ಗೋಪುರದ ಕಂಬಗಳು ಎಲ್ಲಿ ಹೋದವು?

ನಮ್ಮ ಲ್ಯಾಬ್‌ನ ಇನ್‌ಸ್ಟ್ರಕ್ಟರ್ ಸರ್ ಪ್ರತಿ ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿಯೇ ಚಾಮುಂಡಿ ಬೆಟ್ಟಕ್ಕೆ ಹೋಗುವವರು. ಅವರ ನಿವೃತ್ತಿಗೆ ಕೊಡೋಣ ಅಂತ ದೇವಸ್ಥಾನದ ಏಳು ಅಂತಸ್ತಿನ ಗೋಪುರದ ಮಾದರಿಯನ್ನು ಪ್ರಿಂಟ್ ಮಾಡಲು ಹೊರಟೆವು. ಗೋಪುರ ಸುಮಾರು 40 ಮೀಟರ್ ಎತ್ತರವಿದೆ. 1:400 ಅಳತೆಗೆ ಇಳಿಸಿದರೆ 10 ಸೆಂಟಿಮೀಟರ್, ಮೇಜಿನ ಮೇಲಿಡಲು ಸರಿಯಾದ ಗಾತ್ರ. ಆದರೆ ಮೊದಲ ಪ್ರಿಂಟ್ ಪ್ರಿಂಟರಿನ ಮೇಲಿದ್ದಾಗಲೇ ಸರ್ ಕಣ್ಣಿಗೆ ಬಿತ್ತು. "ಏನ್ರಪ್ಪಾ, ಬಾಗಿಲ ಪಕ್ಕದ ಕಂಬಗಳೆಲ್ಲಾ ಎಲ್ಲೋದ್ವು?" ಅಂದರು.

ಕಂಪ್ಯೂಟರಿನ ಮಾಡೆಲ್‌ನಲ್ಲಿ ಕಂಬಗಳು ಇದ್ದವು. ಫೋಟೋ ನೋಡಿ ಅಂದಾಜಿನಲ್ಲಿ ಬಿಡಿಸಿದಾಗ, ಮೇಲಿನ ಅಂತಸ್ತುಗಳಲ್ಲಿ ಬಾಗಿಲಿನ ಒಂದೊಂದು ಪಕ್ಕಕ್ಕೆ ಐದೈದು ಕಂಬ, ಪ್ರತಿಯೊಂದಕ್ಕೂ 8 ಸೆಂಟಿಮೀಟರ್ ಅಗಲ, ನಡುವೆ ಅಷ್ಟೇ ಸಂದು ಕೊಟ್ಟಿದ್ದೆವು. 1:400ಕ್ಕೆ ಇಳಿಸಿದಾಗ ಕಂಬವೂ 0.2 ಮಿಮೀ, ಸಂದೂ 0.2 ಮಿಮೀ. ಗೋಡೆಯಿಂದ 1 ಮಿಮೀ ಆಚೆ ಚಾಚಿದ ತೆಳು ರೆಕ್ಕೆಗಳು ಅನ್ನಿ. ಪ್ರಿಂಟರಿನ ನಾಝಲ್ 0.4 ಮಿಮೀ, ಅದು ಎಳೆಯುವ ಗೆರೆಯ ಅಗಲ 0.45 ಮಿಮೀ.

ನಾವು ಬಳಸಿದ್ದು ಪ್ರೂಸಾಸ್ಲೈಸರ್. ಯಾರೋ ಸೀನಿಯರ್ ಬಿಟ್ಟುಹೋದ ಹಳೆಯ ಪ್ರೊಫೈಲ್‌ನಲ್ಲಿ ಗೋಡೆ ಹಾಕುವ ವಿಧಾನ `Classic` ಆಗಿತ್ತು. ಅದು ಪದರದ ಹೊರ ಅಂಚನ್ನು ತಗೊಂಡು, ಗೆರೆಯ ಅರ್ಧ ಅಗಲದಷ್ಟು, ಅಂದರೆ 0.225 ಮಿಮೀ ಒಳಕ್ಕೆ ಸರಿಸಿ, ಅಲ್ಲಿ ನಾಝಲ್ ಓಡಿಸುತ್ತದೆ. ನಮ್ಮ ಕಂಬಕ್ಕೆ ಎಡದಿಂದ 0.225, ಬಲದಿಂದ 0.225 ಸರಿಸಿದರೆ ಎರಡು ಅಂಚುಗಳೂ ಒಂದನ್ನೊಂದು ದಾಟಿಬಿಡುತ್ತವೆ. ಒಳಗೆ ಜಾಗವೇ ಉಳಿಯಲ್ಲ, ಗೆರೆಯೂ ಬರಲ್ಲ. ಸ್ಲೈಸರ್ ಎಚ್ಚರಿಕೆಯನ್ನೂ ಕೊಡಲಿಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ತಪ್ಪೇನೂ ಆಗಿಲ್ಲ. `Detect thin walls` ಅನ್ನೋ ಆಯ್ಕೆ ಇದೆ, ಅದು ಇಂಥ ಕಡೆ ಮಧ್ಯಕ್ಕೊಂದು ಗೆರೆ ಹಾಕಲು ನೋಡುತ್ತದೆ. ನಾವು ಅದನ್ನು ಬಿಟ್ಟು `Arachne`ಗೆ ಹೋದೆವು.

ಅರಾಕ್ನೆ 2022ರಲ್ಲಿ ಕ್ಯೂರಾ 5.0ಕ್ಕೆ ಬಂತು, ಅದೇ ವರ್ಷ ಪ್ರೂಸಾಸ್ಲೈಸರ್ 2.5ಕ್ಕೂ ಬಂತು. ಅದು ಅಂಚನ್ನು ಒಂದೇ ಅಳತೆಯಲ್ಲಿ ಒಳಗೆ ಸರಿಸುವುದಿಲ್ಲ. ಆಕಾರದ ನಡುಗೆರೆಯನ್ನು, ಎಲೆಯ ನಡುನರದ ಹಾಗೆ, ಮೊದಲು ಹುಡುಕುತ್ತದೆ. ಅಲ್ಲಿ ಎಷ್ಟು ಅಗಲ ಇದೆ ನೋಡಿ ಎಷ್ಟು ಗೆರೆ, ಯಾವ ಅಗಲದ್ದು ಅಂತ ಆಮೇಲೆ ತೀರ್ಮಾನಿಸುತ್ತದೆ. ಸಣ್ಣ ಭಾಗಗಳ ಹಣೆಬರಹ ಬರೆಯುವುದು ಈ ಸಾಲುಗಳು:

```
perimeter_generator = arachne
min_feature_size = 25%
min_bead_width = 85%
slice_closing_radius = 0.049
```

ಶೇಕಡಾವಾರು ಲೆಕ್ಕ ನಾಝಲ್ ಮೇಲೆ. 0.4ರ ನಾಝಲ್‌ಗೆ 25% ಅಂದ್ರೆ 0.1 ಮಿಮೀ, ಅದಕ್ಕಿಂತ ತೆಳುವಾದದ್ದನ್ನು ಅರಾಕ್ನೆಯೂ ಬಿಟ್ಟುಬಿಡುತ್ತದೆ. 85% ಅಂದ್ರೆ 0.34 ಮಿಮೀ. 0.1ಕ್ಕೂ 0.34ಕ್ಕೂ ನಡುವೆ ಇರೋದನ್ನೆಲ್ಲಾ 0.34ಕ್ಕೆ ಹಿಗ್ಗಿಸಿ ಪ್ರಿಂಟ್ ಮಾಡುತ್ತದೆ.

ಪ್ರಿವ್ಯೂನಲ್ಲಿ ಐದೂ ಕಂಬ ಬಂದವು. ಖುಷಿಯಿಂದ ರಾತ್ರಿ ಪ್ರಿಂಟ್ ಹಾಕಿ ಹಾಸ್ಟೆಲ್‌ಗೆ ಹೋದೆವು. ಬೆಳಿಗ್ಗೆ ನೋಡಿದರೆ ಐದು ಕಂಬದ ಜಾಗದಲ್ಲಿ ಒಂದೇ ಗಟ್ಟಿ ದಿಂಡು!

ಗೋಡೆ ಉಳಿಯಿತು, ಸಂದು ಹೋಯಿತು. 0.2ರ ಕಂಬ 0.34 ಆದಾಗ ಎರಡೂ ಪಕ್ಕಕ್ಕೆ 0.07ರಂತೆ ಉಬ್ಬುತ್ತದೆ. ಪಕ್ಕದ ಕಂಬವೂ ಅಷ್ಟೇ ಉಬ್ಬುವುದರಿಂದ 0.2ರ ಸಂದಿನಲ್ಲಿ ಉಳಿಯೋದು 0.06 ಮಿಮೀ. ಬಿಸಿ ಪ್ಲಾಸ್ಟಿಕ್ ಒತ್ತಿ ಹರಡುವಾಗ ಅಷ್ಟು ಸಂದು ಎಲ್ಲಿ ನಿಲ್ಲುತ್ತೆ? ಗೋಡೆ ಹಾಕುವ ವಿಧಾನ ಯೋಚಿಸುವುದು ಪ್ಲಾಸ್ಟಿಕ್ ಇರುವ ಕಡೆಯ ಬಗ್ಗೆ ಮಾತ್ರ. ಸಂದಿನ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇಲ್ಲ.

ಮೊದಲು ನಾವು ಅನುಮಾನಪಟ್ಟಿದ್ದು `slice_closing_radius` ಮೇಲೆ. ಅದು ಸ್ಲೈಸ್ ಮಾಡುವಾಗಲೇ ತನ್ನ ಎರಡರಷ್ಟು, ಅಂದರೆ 0.098 ಮಿಮೀಗಿಂತ ಕಿರಿದಾದ ಬಿರುಕುಗಳನ್ನು ಮುಚ್ಚುತ್ತದೆ. ನಮ್ಮ ಸಂದು 0.2 ಇದ್ದದ್ದರಿಂದ ಪಾಪ, ಅದರ ತಪ್ಪಿಲ್ಲ. ಜಿ-ಕೋಡ್ ತೆರೆದು ಕಂಬದ ಜಾಗ ನೋಡಿದರೆ ವಿಷಯ ಗೊತ್ತಾಗುತ್ತಿತ್ತು:

```
;TYPE:External perimeter
;WIDTH:0.34
```

ಮಾಡೆಲ್‌ನಲ್ಲಿ 0.2 ಇರುವ ಕಡೆ ಇಲ್ಲಿ 0.34 ಕಂಡರೆ ಹಿಗ್ಗಿದೆ ಅಂತ ಅರ್ಥ. ಪ್ರಿವ್ಯೂನಲ್ಲಿ ಬಣ್ಣವನ್ನು ಗೆರೆಯ ಅಗಲಕ್ಕೆ ಬದಲಿಸಿ, ಪದರದ ಸ್ಲೈಡರ್ ಎಳೆದರೂ ಇದು ಕಾಣುತ್ತದೆ. ಕಂಬ ಬಂತಾ ಅಂತಷ್ಟೇ ನೋಡಿದ್ದು ನಮ್ಮ ಪೆದ್ದುತನ. ಎರಡು ಕಂಬಗಳ ನಡುವೆ ಎಷ್ಟು ಉಳಿದಿದೆ ಅಂತ ನೋಡಬೇಕಿತ್ತು.

0.25ರ ನಾಝಲ್ ಹಾಕೋಣ ಅಂತ ಒಬ್ಬ ಹೇಳಿದ. ಆಗ 85% ಅಂದರೆ ಸುಮಾರು 0.21 ಮಿಮೀ, ಕಂಬ ಹೆಚ್ಚು ಹಿಗ್ಗಲ್ಲ, ಸಂದೂ 0.19ರ ಹತ್ತಿರ ಉಳಿಯುತ್ತೆ. ಲೆಕ್ಕ ಸರಿಯೇ. ಆದರೆ ಪ್ರಿಂಟ್ ಸಮಯ ತುಂಬಾ ಏರುತ್ತಿತ್ತು, ಬೀಳ್ಕೊಡುಗೆಗೆ ಎರಡೇ ದಿನ ಇತ್ತು. `min_bead_width` ತಗ್ಗಿಸೋದೂ ಬೇಡ ಅನ್ನಿಸಿತು. ನಾಝಲ್‌ನ ಅರ್ಧ ಅಗಲದ ಗೆರೆ ಎಳೆಯಹೊರಟರೆ ಪ್ಲಾಸ್ಟಿಕ್ ಕಡಿದು ಕಡಿದು ಬರುತ್ತೆ.

ಕೊನೆಗೆ ಮಾಡೆಲ್ಲನ್ನೇ ತಿದ್ದಿದೆವು. ಐದು ಕಂಬ, ನಾಲ್ಕು ಸಂದು ಸೇರಿ 1.8 ಮಿಮೀ ಜಾಗ ಇತ್ತು. ಅದರಲ್ಲಿ 0.5ರ ಎರಡು ಕಂಬ, ನಡುವೆ 0.8ರ ಒಂದು ಸಂದು ಕೂರಿಸಿದೆವು. 0.5 ಆದ್ದರಿಂದ ಹಿಗ್ಗಿಸುವ ಅಗತ್ಯವೇ ಬರಲಿಲ್ಲ, ಸಂದಿನಲ್ಲಿ ನೆರಳು ಬೀಳುವಷ್ಟು ಆಳ ಸಿಕ್ಕಿತು. ಎಣಿಕೆಯಲ್ಲಿ ಸುಳ್ಳು, ನೋಟಕ್ಕೆ ನಿಜ.

ಸರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈಗ ಕಂಬ ಬಂತು ಬಿಡಿ" ಅಂದರು. ಎಷ್ಟು ಅಂತ ಎಣಿಸಲಿಲ್ಲ.