ಕೌದಿಯೊಳಗಿನ ಕೂಸು: ಕಾಣದ ಅಂಚನ್ನು ಕಂಡುಹಿಡಿಯುವ ಬಗೆ

ಬಸವಕಲ್ಯಾಣದ ಪರಿಚಿತ ಕುಟುಂಬವೊಂದು ನಮಗೆ ಒಂದು ಛಾಯಾಚಿತ್ರವನ್ನು ಕೊಟ್ಟಿತು. ಹುಮನಾಬಾದಿನಲ್ಲಿರುವ ಬಂಧುಗಳ ಮನೆಯ ಪಡಸಾಲೆಯಲ್ಲಿ, ಚಳಿಗಾಲದ ಒಂದು ಮುಂಜಾನೆ ತೆಗೆದ ಚಿತ್ರವದು. ಒಂದೂವರೆ ವರ್ಷದ ಕೂಸೊಂದು ಕುತ್ತಿಗೆಯವರೆಗೆ ಕೌದಿ ಸುತ್ತಿಕೊಂಡು ಕುಳಿತಿದೆ. ಅದರ ಬೆನ್ನ ಹಿಂದೆ ಹಗ್ಗದ ಮೇಲೆ ಇನ್ನೊಂದು ಕೌದಿ ತೂಗುಬಿದ್ದಿದೆ. ಎರಡನ್ನೂ ಹೊಲಿದವರು ಒಬ್ಬರೇ ಅಜ್ಜಿ, ಎರಡಕ್ಕೂ ಬಳಸಿದ್ದು ಅವೇ ಹಳೆಯ ಸೀರೆಗಳ ತುಂಡುಗಳು. ಅಜ್ಜಿ ಈಗ ಇಲ್ಲ. ಕೂಸನ್ನು ಹಿನ್ನೆಲೆಯಿಂದ ಬೇರ್ಪಡಿಸಿ ದೊಡ್ಡ ಪಟವಾಗಿ ಮಾಡಿಕೊಡಬೇಕು, ಆದರೆ ಮೈಮೇಲಿನ ಕೌದಿಯಲ್ಲಿ ಒಂದೆಳೆಯೂ ಕಡಿದುಹೋಗಬಾರದು ಎಂಬುದು ಮನೆಯವರ ಬೇಡಿಕೆಯಾಗಿತ್ತು.

ಕೂಸಿನ ಮುಖವನ್ನು ಬಿಡಿಸುವುದು ಕಷ್ಟವಲ್ಲ. ಕಷ್ಟವೆಲ್ಲ ಬಲಗಡೆಯಲ್ಲಿ. ಅಲ್ಲಿ ಹೊದ್ದ ಕೌದಿಯ ಕುಂಕುಮಬಣ್ಣದ ತುಂಡಿನ ಹಿಂದೆಯೇ ತೂಗುವ ಕೌದಿಯ ಕುಂಕುಮಬಣ್ಣದ ತುಂಡು ಬಂದಿದೆ; ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗುವುದೆಂದು ಕಣ್ಣಿಗೆ ತಿಳಿಯದು. ಇಂಥ ಕಡೆ ಗಣಕದ ಆಯ್ಕೆಯ ಸಾಧನ ಏಕೆ ಸೋಲುತ್ತದೆಂಬುದನ್ನು ಮೊದಲು ತಿಳಿಯೋಣ.

ಗಣಕದಲ್ಲಿರುವ ಚಿತ್ರದ ಪ್ರತಿಯೊಂದು ಬಿಂದುವೂ, ಎಂದರೆ ಪಿಕ್ಸೆಲ್ಲೂ, ಕೆಂಪು, ಹಸಿರು, ನೀಲಿಗಳ ಮೂರು ಅಂಕೆಗಳಿಂದಾದುದು. ಪ್ರತಿ ಅಂಕೆಯೂ 0ಯಿಂದ 255ರವರೆಗೆ ಇರಬಹುದು. ಉಚಿತವಾಗಿ ದೊರೆಯುವ GIMP ತಂತ್ರಾಂಶದಲ್ಲಿ ಬಣ್ಣ ತೋರಿಸುವ ಸಾಧನವನ್ನಿಟ್ಟು ನೋಡಿದಾಗ, ಕೂಸಿನ ಕೌದಿಯ ಕುಂಕುಮಬಣ್ಣ 142, 38, 46 ಎಂದೂ, ಹಿಂದಿನದು 138, 41, 62 ಎಂದೂ ಕಂಡಿತು. ಅತಿ ದೊಡ್ಡ ಅಂತರ ನೀಲಿಯಲ್ಲಿ, ಅದೂ ಬರೀ 16. ಇನ್ನು ಕೂಸಿನ ಕೌದಿಯಲ್ಲೇ ಮಡಿಕೆಯ ನೆರಳಿಗೆ ಬಿದ್ದ ಭಾಗವನ್ನು ನೋಡಿ: 78, 21, 25. ಒಂದೇ ಬಟ್ಟೆಯೊಳಗೆ ಕೆಂಪಿನಲ್ಲಿ 64ರ ಅಂತರ! Fuzzy Select ಎಂಬ ಸಾಧನ ನಾವು ಮುಟ್ಟಿದ ಬಿಂದುವಿಗೆ ಹತ್ತಿರವಾದ ಬಣ್ಣಗಳನ್ನೆಲ್ಲ ಸೇರಿಸಿಕೊಳ್ಳುತ್ತ ಹೋಗುತ್ತದೆ. ಮಡಿಕೆಯನ್ನೂ ಒಳಗೊಳ್ಳುವಂತೆ ಅದರ ಮಿತಿಯನ್ನು 64ಕ್ಕೆ ಏರಿಸಿದರೆ ಹಿಂದಿನ ಕೌದಿಯೂ ಒಳನುಗ್ಗುತ್ತದೆ. 15ಕ್ಕೆ ಇಳಿಸಿದರೆ ಮಡಿಕೆಗಳೆಲ್ಲ ಹೊರಗುಳಿದು ಆಯ್ಕೆ ತೂತುತೂತಾಗುತ್ತದೆ. ಎರಡಕ್ಕೂ ಒಪ್ಪುವ ಮಿತಿಯೇ ಇಲ್ಲ. ಅದನ್ನು ಹುಡುಕುತ್ತ ಒಂದು ಸಂಜೆಯನ್ನು ನಾವೂ ವ್ಯರ್ಥ ಮಾಡಿದೆವೆಂದು ಒಪ್ಪಿಕೊಳ್ಳುತ್ತೇವೆ.

ಆದರೂ ಆ 16 ಎಲ್ಲಿಂದ ಬಂದಿತೆಂದು ವಿಚಾರಿಸುವುದು ಒಳ್ಳೆಯದು. ಸೀರೆ ಒಂದೇ, ಬಣ್ಣ ಒಂದೇ, ಬೇರೆಯಾದದ್ದು ಬೆಳಕು. ಕೂಸು ಕುಳಿತದ್ದು ಕೆಂಪುಮಣ್ಣಿನ ಅಂಗಳದ ಅಂಚಿಗೆ. ಬಿಸಿಲು ಆ ನೆಲಕ್ಕೆ ತಾಗಿ ಮೇಲೆ ಚಿಮ್ಮುವಾಗ ತನ್ನ ನೀಲಿಯ ಬಹುಭಾಗವನ್ನು ಮಣ್ಣಿಗೆ ಬಿಟ್ಟು ಬರುತ್ತದೆ. ಎತ್ತರದಲ್ಲಿ ತೂಗುವ ಕೌದಿಗಾದರೋ ನೆರಳಿನಲ್ಲಿ ತೆರೆದ ಆಕಾಶದ ಬೆಳಕೇ ಹೆಚ್ಚು, ಅದರಲ್ಲಿ ನೀಲಿ ಧಾರಾಳ. ಅಂದಮೇಲೆ ಈ ಅಂತರ ಅಂಚಿನುದ್ದಕ್ಕೂ ಸುಮಾರಾಗಿ ಉಳಿದಿರಬೇಕು, ಅದನ್ನು ಹಿಗ್ಗಿಸಿ ನೋಡಬಹುದು.

ಹಿಗ್ಗಿಸುವ ಕ್ರಮ ಹೀಗೆ. ಚಿತ್ರವನ್ನು Decompose ಆಜ್ಞೆಯಿಂದ ಮೂರು ಬೂದುಬಣ್ಣದ ಚಿತ್ರಗಳಾಗಿ ಒಡೆದು, ನೀಲಿಯ ಚಿತ್ರವನ್ನು ನಕಲು ಮಾಡಿ ಮೂಲಚಿತ್ರದ ಮೇಲೆ ಒಂದು ಪದರವಾಗಿ ಇರಿಸಬೇಕು. ಅನಂತರ Levels ಎಂಬಲ್ಲಿ ಒಳಬರುವ ಬೆಲೆಗಳ ಕೆಳಮಿತಿಯನ್ನು 40, ಮೇಲ್ಮಿತಿಯನ್ನು 70 ಎಂದಿಡಬೇಕು. ಆಗ 40 ಇದ್ದದ್ದು 0 ಆಗುತ್ತದೆ, 70 ಇದ್ದದ್ದು 255. ನಡುವಿನ 30 ಮೆಟ್ಟಿಲುಗಳು ಇಡೀ ಹರವನ್ನು ತುಂಬುತ್ತವೆ. ಕೂಸಿನ ಕೌದಿಯ 46 ಈಗ 51 ಆಗಿ ಕಪ್ಪಿಗೆ ಹತ್ತಿರವಾಗುತ್ತದೆ, ಹಿಂದಿನ 62 ಏರಿ 187 ಆಗಿ ಬೆಳ್ಳಗಾಗುತ್ತದೆ. ಇದುವರೆಗೆ ಒಂದಾಗಿದ್ದ ಎರಡು ಬಟ್ಟೆಗಳ ನಡುವೆ ಗೆರೆಯೊಂದು ಮೂಡಿ ನಿಲ್ಲುತ್ತದೆ.

ಈ ಕಪ್ಪುಬಿಳುಪು ಚಿತ್ರವನ್ನೇ ಕತ್ತರಿಸುವ ಅಚ್ಚಾಗಿ ಬಳಸಬಾರದೇ? ಬಾರದು. ಅಂತರದೊಂದಿಗೆ ದೋಷಗಳೂ ಅಷ್ಟೇ ಪಾಲು ಹಿಗ್ಗಿವೆ. ಮೊಬೈಲಿನ ಜೆಪೆಗ್ ಕಡತ ಜಾಗ ಉಳಿಸಲೆಂದು ಬೆಳಕಿನ ಏರಿಳಿತವನ್ನು ಪೂರ್ಣವಾಗಿಯೂ, ಬಣ್ಣದ ಏರಿಳಿತವನ್ನು ಸಾಮಾನ್ಯವಾಗಿ ಉದ್ದಗಲಗಳಲ್ಲಿ ಅರ್ಧದಷ್ಟು ಸೂಕ್ಷ್ಮತೆಯಲ್ಲಿಯೂ ಇಟ್ಟುಕೊಳ್ಳುತ್ತದೆ. ಆದಕಾರಣ ನೀಲಿಯಲ್ಲಿ ಕಂಡ ಅಂಚು ಮೆಟ್ಟಿಲುಮೆಟ್ಟಿಲಾಗಿ, ನಿಜವಾದ ಅಂಚಿನಿಂದ ಎರಡು ಮೂರು ಬಿಂದುಗಳಷ್ಟು ಆಚೀಚೆ ಇರಬಹುದು. ಅದು ದಾರಿ ತೋರಿಸಲಿ. ಗೆರೆಯನ್ನು ನಾವೇ Paths ಸಾಧನದಿಂದ ಎಳೆಯಬೇಕು. ಬಟ್ಟೆ ತಿರುಗುವ ಕಡೆ ಮಾತ್ರ ಒಂದೊಂದು ಗೂಟ ಊರಿ, ನಡುವಿನ ಗೆರೆಯನ್ನು ಬಾಗಿಸಿದರೆ ಸಾಕು. ಗೂಟ ಹೆಚ್ಚಾದಷ್ಟೂ ಅಂಚು ನಡುಗುತ್ತದೆ. ದಪ್ಪ ಕೌದಿಯ ಅಂಚಾದರೋ ನಿಧಾನವಾಗಿ ಬಾಗುವಂಥದು.

ಹಿಂದಿನ ಕೌದಿಯಲ್ಲೂ ಮಡಿಕೆಯ ನೆರಳು ಬಿದ್ದ ಕಡೆ ನೀಲಿ ಕೈಕೊಟ್ಟಿತು, ಎರಡೂ ಕಪ್ಪಾಗಿಬಿಟ್ಟವು. ಅಲ್ಲಿ ಹೊಲಿಗೆ ನೆರವಿಗೆ ಬಂದಿತು. ಕೌದಿಯ ಮೈತುಂಬ ಸಾಲುಸಾಲು ಹೊಲಿಗೆ ಇರುವುದನ್ನು ವಾಚಕರು ಬಲ್ಲರು. ತೂಗುವ ಕೌದಿಯಲ್ಲಿ ಆ ಸಾಲುಗಳು ನೆಟ್ಟಗೆ ಕೆಳಗಿಳಿದಿವೆ, ಕೂಸಿನ ಕೌದಿಯಲ್ಲಿ ಭುಜದ ಸುತ್ತ ಬಾಗಿವೆ. ಬಾಗಿದ ಸಾಲು ಥಟ್ಟನೆ ನಿಂತುಹೋಗುವ ತಾಣಗಳನ್ನು ಒಂದೊಂದಾಗಿ ಗುರುತಿಸಿ ಜೋಡಿಸಿದರೆ ಅಂಚು ಸಿಕ್ಕಿದಂತೆಯೇ.

ಗೆರೆ ಪೂರ್ತಿಯಾದ ಮೇಲೆ ಅದನ್ನು ಆಯ್ಕೆಯಾಗಿಸಿ, ಹಿನ್ನೆಲೆಯನ್ನು ಅಳಿಸದೆ ಲೇಯರ್ ಮಾಸ್ಕಿನಿಂದ ಮರೆಮಾಡಿದೆವು. ಮರೆಮಾಡಿದ್ದನ್ನು ಬೇಕೆಂದಾಗ ಮರಳಿ ತರಬಹುದು. ಪರೀಕ್ಷೆಗೆ ಮಾಸ್ಕನ್ನು ಮಾತ್ರ ತೆರೆದು ನೋಡಬೇಕು. ಬಣ್ಣಗಳಿಲ್ಲದ ಆ ಬಿಳಿಯ ಆಕೃತಿ ಬಟ್ಟೆ ಹೊದ್ದ ಕೂಸಿನಂತೆ ಕಾಣದೆ ಎಲ್ಲಿಯಾದರೂ ಕಚ್ಚು ಬಿದ್ದಿದ್ದರೆ, ಅಲ್ಲಿ ತಪ್ಪಿದ್ದೇವೆಂದೇ ಅರ್ಥ. ಬಣ್ಣದ ಚಿತ್ರದಲ್ಲಿ ಇಂಥ ತಪ್ಪನ್ನು ಕೌದಿಯ ಚಿತ್ತಾರವೇ ಮುಚ್ಚಿಬಿಡುತ್ತದೆ.

ಉಳಿದದ್ದು ಕೆಳಗಿನ ಒಂದು ಮೂಲೆ. ಅಲ್ಲಿ ನೀಲಿಯಲ್ಲಿ ಅಂತರವಿಲ್ಲ, ಹೊಲಿಗೆಯೂ ಕಾಣದು. ಎರಡು ಕಡೆಯ ಗೆರೆಗಳನ್ನು ಅಂದಾಜಿನಿಂದ ಕೂಡಿಸಿದ್ದೆವು, ಆದರೆ ಮನಸ್ಸು ಒಪ್ಪಲಿಲ್ಲ. ಕೌದಿಯೇನೋ ಇನ್ನೂ ಬಸವಕಲ್ಯಾಣದ ಮನೆಯಲ್ಲಿತ್ತು. ಹೋಗಿ ಅಳತೆಪಟ್ಟಿ ಹಿಡಿದು ನೋಡಿದೆವು. ಆ ಮೂಲೆಯ ಹಳದಿ ತುಂಡಿನ ಅಗಲ 12 ಸೆಂಟಿಮೀಟರು. ಅದರಾಚೆ ಅಂಚಿನವರೆಗಿನ ಕುಂಕುಮಬಣ್ಣದ ಪಟ್ಟಿ 5 ಸೆಂಟಿಮೀಟರು. ಚಿತ್ರದಲ್ಲಿ ಹಳದಿ ತುಂಡು 180 ಬಿಂದುಗಳಷ್ಟು ಅಗಲವಾಗಿತ್ತು, ಎಂದರೆ ಸೆಂಟಿಮೀಟರಿಗೆ 15. ಎರಡೂ ಒಂದೇ ಮಡಿಕೆಯ ಮೇಲೆ ಒಂದೇ ಓರೆಯಲ್ಲಿ ಇದ್ದುದರಿಂದ ಈ ಲೆಕ್ಕ ನಿಲ್ಲುತ್ತದೆ. ನಡುವೆ ಬಟ್ಟೆ ತಿರುಗಿದ್ದರೆ ನಿಲ್ಲುತ್ತಿರಲಿಲ್ಲ. ಅಂಚು ಹಳದಿಯಿಂದ 75 ಬಿಂದುಗಳ ದೂರದಲ್ಲಿರಬೇಕಾಗಿತ್ತು. ನಾವು ಎಳೆದಿದ್ದ ಗೆರೆ 55ರಲ್ಲಿತ್ತು. ಅಜ್ಜಿಯ ಕೌದಿಯ ಒಂದು ಸೆಂಟಿಮೀಟರಿಗಿಂತ ಹೆಚ್ಚನ್ನು ನಾವು ಕತ್ತರಿಸಿ ಹಾಕಿದ್ದೆವು. ಮಾಸ್ಕಿನ ಮೇಲೆ ಬಿಳಿಯ ಬಣ್ಣ ಬಳಿದು ಆ ಪಟ್ಟಿಯನ್ನು ಮರಳಿ ತಂದೆವು.