ತಕರಾರಿಲ್ಲದ ಕಡತವನ್ನೂ ತೆರೆದು ನೋಡು

ಚಿರಂಜೀವಿ ತಂಗಿಗೆ ಮುದನಾಳದಿಂದ ನಿನ್ನ ಮಾಸ್ತರನ ಆಶೀರ್ವಾದಗಳು.

ಗೆಜೆಟೆಡ್ ಪ್ರೊಬೇಷನರ್ ಆಯ್ಕೆಪಟ್ಟಿಯಲ್ಲಿ ನಿನ್ನ ಹೆಸರು, ಅದರ ಮುಂದೆ ತಹಶೀಲ್ದಾರ್ ಗ್ರೇಡ್-2 ಎಂಬ ಹುದ್ದೆ ಎರಡನ್ನೂ ನೋಡಿದೆ. ನಿಮ್ಮವ್ವ ಓಣಿ ತುಂಬ ಪೇಢೆ ಹಂಚಿದಳಂತೆ. ಹಂಚಲಿ, ಅದು ಆಕೆಯ ಹಕ್ಕು. 371 ಜೆ ಕಾರಣಕ್ಕೆ ಬಂದವಳು ಎಂದು ಹಂಗಿಸುವವರೂ ಸಿಗುತ್ತಾರೆ. ಸಂವಿಧಾನದ 98ನೇ ತಿದ್ದುಪಡಿಯ ಮೇಲೆ ಸರ್ಕಾರ 2013ರಲ್ಲಿ ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಸ್ಥಳೀಯ ಹುದ್ದೆಗಳಲ್ಲಿ ಶೇಕಡಾ 75ನ್ನು ಇಲ್ಲಿಯವರಿಗೆ ಮೀಸಲಿಟ್ಟಿತು. ಆದರೆ ನೀನು ಬರೆದದ್ದು ಎಲ್ಲರೂ ಬರೆದ ಪತ್ರಿಕೆಯನ್ನೇ. ಅವರಿಗೆ ಉತ್ತರ ಕೊಡಲು ಹೋಗಬೇಡ. ಆ ಉತ್ತರ ನಿನ್ನ ಮೇಜಿನ ಮೇಲಿನ ಕಡತಗಳಲ್ಲಿ ಸಿಗಲಿ.

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ನಿನಗೆ ಭೂಕಂದಾಯ ಕಾನೂನನ್ನು ಕಲಿಸುತ್ತಾರೆ. ಅದನ್ನು ಕಚೇರಿಯ ಕಡೆಯಿಂದ ಕಲಿಸುತ್ತಾರೆ. ಊರ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂಬುದನ್ನು ನಾನು ಹೇಳುತ್ತೇನೆ. ತರಗತಿ ಮುಗಿದ ಮೇಲೆ ಜನ ನನ್ನ ಬಳಿ ಕಾಗದ ಓದಿಸಲು ಬರುತ್ತಿದ್ದುದನ್ನು ನೀನೂ ನೋಡಿದ್ದೀ. ಅವುಗಳಲ್ಲಿ ಹೆಚ್ಚಿನವು ಪಹಣಿ, ಅದರಲ್ಲೂ ಸತ್ತವರ ಹೆಸರಿನಲ್ಲೇ ಉಳಿದ ಪಹಣಿ. ಆದ್ದರಿಂದ ಪೌತಿ ಖಾತೆ, ನಮ್ಮ ಜನ ವಾರಸಾ ಅನ್ನುವುದು, ಅದೊಂದರ ಬಗ್ಗೆಯೇ ಬರೆಯುತ್ತೇನೆ.

ಒಂದು ಮನೆ ಇದೆ ಎಂದುಕೋ. ಯಜಮಾನ ಸ್ವಂತ ದುಡಿದು ಕೊಂಡ ಹೊಲ 4 ಎಕರೆ 20 ಗುಂಟೆ. ಉಯಿಲು ಬರೆಯದೆ ತೀರಿಕೊಂಡ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಎಕರೆಗೆ 40 ಗುಂಟೆಯಂತೆ ಹೊಲ 180 ಗುಂಟೆಯಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಐವರಿಗೂ ಸಮಪಾಲು, ತಲೆಗೆ 36 ಗುಂಟೆ. ಸತ್ತವನ ತಾಯಿ ಬದುಕಿದ್ದರೆ ಆಕೆಯೂ ಮೊದಲ ದರ್ಜೆಯ ವಾರಸುದಾರಳು. ಆಗ ಆರು ಪಾಲು, ತಲೆಗೆ 30 ಗುಂಟೆ. ಮುಪ್ಪಿನ ಅತ್ತೆಯನ್ನು ಮನೆಯಲ್ಲಿ ಎಲ್ಲರೂ ನೋಡುತ್ತಿರುತ್ತಾರೆ, ವಂಶವೃಕ್ಷ ಬರೆಯುವಾಗ ಮಾತ್ರ ಮರೆಯುತ್ತಾರೆ.

ಅರ್ಜಿ ನಾಡಕಚೇರಿಗೆ ಬರುತ್ತದೆ. ಜೊತೆಗೆ ಮರಣ ಪ್ರಮಾಣಪತ್ರ, ಪಹಣಿ, ವಂಶವೃಕ್ಷ. ಆ ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳಷ್ಟೇ ಇರುತ್ತಾರೆ. ಕೇಳಿದರೆ, "ಹೆಣ್ಮಕ್ಕಳು ಲಗ್ನಾಗಿ ಹೋಗ್ಯಾರ್ರಿ, ಅವರಿಗೇನು ಬೇಕಾಗಿಲ್ಲ" ಎಂಬ ಉತ್ತರ ಬರುತ್ತದೆ. ಗ್ರಾಮ ಆಡಳಿತಾಧಿಕಾರಿ ವರದಿ ಹಾಕುತ್ತಾನೆ. ಆಕ್ಷೇಪಣೆ ಇದ್ದರೆ ಸಲ್ಲಿಸಿ ಎಂಬ ನೋಟಿಸು ಚಾವಡಿಯ ಗೋಡೆಗೆ ಅಂಟುತ್ತದೆ. ಒಬ್ಬ ಮಗಳು ಶಹಾಪುರದ ಕಡೆಯ ಗಂಡನ ಮನೆಯಲ್ಲಿದ್ದಾಳೆ, ಇನ್ನೊಬ್ಬಳು ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾಳೆ. ಗೋಡೆಯ ಮೇಲಿನ ಕಾಗದವನ್ನು ಇಬ್ಬರೂ ನೋಡುವುದಿಲ್ಲ. ಅವಧಿ ಮುಗಿಯುತ್ತದೆ, ಕಡತದ ಮೇಲೆ ತಕರಾರು ಇಲ್ಲ ಎಂಬ ಷರಾ ಬೀಳುತ್ತದೆ, ಕಂದಾಯ ನಿರೀಕ್ಷಕರು ಮ್ಯುಟೇಶನ್ ದೃಢೀಕರಿಸುತ್ತಾರೆ. ಅಣ್ಣತಮ್ಮಂದಿರ ಹೆಸರಿಗೆ ಅರ್ಧರ್ಧ, ಅಂದರೆ 90 ಗುಂಟೆಯಂತೆ ಬರುತ್ತದೆ. ವಿಧವೆಯ ಹೆಸರು ಪಹಣಿಯಲ್ಲಿ ಇಲ್ಲ. ಬೆಳೆಸಾಲ, ಬೆಳೆ ಪರಿಹಾರ, ಪಿಎಂ ಕಿಸಾನ್ ಹಣ ಯಾವುದಕ್ಕೆ ಹೋದರೂ ಪಹಣಿ ಕೇಳುತ್ತಾರೆ.

ಮ್ಯುಟೇಶನ್ನಿನಿಂದ ಒಡೆತನ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅದು ಸರಿ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಓದು. ತಪ್ಪು ಎಂದು ಸಾಬೀತಾಗುವವರೆಗೆ ಆ ನಮೂದನ್ನು ನಿಜವೆಂದೇ ಭಾವಿಸಬೇಕು ಎನ್ನುತ್ತದೆ. ಸಾಬೀತುಪಡಿಸುವ ಭಾರ ಹೆಸರು ಬಿಟ್ಟುಹೋದ ಮಗಳ ತಲೆಯ ಮೇಲೆ ಬಿತ್ತು. ಆಕೆ 136ರ ಅಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕು, ಕೂಲಿ ಬಿಟ್ಟು ಯಾದಗಿರಿಗೆ ಅಲೆಯಬೇಕು. ಅಷ್ಟರಲ್ಲಿ ಹೊಲ ಮಾರಿಹೋಗಿದ್ದರೆ ಸಿವಿಲ್ ಕೋರ್ಟು, ವಕೀಲರ ಫೀಸು, ಅಣ್ಣತಮ್ಮಂದಿರ ಜೊತೆ ಮುರಿದ ಮಾತು.

ನೀನು ಗಮನಿಸಬೇಕಾದದ್ದು ಇಲ್ಲಿದೆ. ತಕರಾರು ಬಂದ ಕಡತ ತಾನಾಗಿಯೇ ಮೇಲಕ್ಕೆ ಬರುತ್ತದೆ, ವಿಚಾರಣೆ ನಡೆಯುತ್ತದೆ, ಎರಡೂ ಕಡೆಯವರ ಮಾತು ಕೇಳುತ್ತಾರೆ. ತಕರಾರಿಲ್ಲದ ಕಡತ ಕೆಳಗೇ ಮುಗಿದುಹೋಗುತ್ತದೆ, ತಹಶೀಲ್ದಾರರ ಕಣ್ಣಿಗೆ ಬೀಳುವುದೇ ಇಲ್ಲ. ಗೊತ್ತಿದ್ದವರು ಮಾತ್ರ ತಕರಾರು ಹಾಕುತ್ತಾರೆ. ಗೊತ್ತೇ ಇಲ್ಲದವಳ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡ.

ಹಾಗಾದರೆ ಪತ್ತೆ ಹೇಗೆ? ತಿಂಗಳಿಗೊಮ್ಮೆ ತಕರಾರಿಲ್ಲದ ಪೌತಿ ಕಡತಗಳಿಂದ ಕೆಲವನ್ನು ನೀನೇ ಆರಿಸಿ ತರಿಸಿಕೋ. ವಂಶವೃಕ್ಷವನ್ನು ಹಳೆಯ ರೇಷನ್ ಕಾರ್ಡಿನ ಪಕ್ಕ ಇಟ್ಟು ನೋಡು. ಮದುವೆಗೆ ಮುಂಚಿನ ಕಾರ್ಡಿನಲ್ಲಿ ಹೆಣ್ಣುಮಕ್ಕಳ ಹೆಸರು ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲೂ ಇರುತ್ತದೆ. ಪಂಚನಾಮೆಯಲ್ಲಿ ಸಹಿ ಹಾಕಿದವರು ನೆರೆಹೊರೆಯವರೋ, ಅಥವಾ ಪ್ರತಿ ಕಡತದಲ್ಲೂ ಕಾಣುವ ಅದೇ ನಾಲ್ವರೋ ನೋಡು. ಬಿಟ್ಟ ಹೆಸರು ಸಿಕ್ಕರೆ ಆ ಹೆಣ್ಣುಮಗಳಿಗೆ ಫೋನ್ ಮಾಡಿಸು. ಸ್ಥಳ ವಿಚಾರಣೆಯನ್ನು ಮೈಲಾಪುರದ ಸಂಕ್ರಾಂತಿ ಜಾತ್ರೆ, ಯುಗಾದಿ ಇಂಥ ದಿನಗಳ ಆಸುಪಾಸಿಗೆ ಇಟ್ಟರೆ ಗುಳೆ ಹೋದವರು ಊರಲ್ಲಿ ಸಿಗುತ್ತಾರೆ.

ಕೆಲವು ಹೆಣ್ಣುಮಕ್ಕಳು ನಿಜವಾಗಿಯೂ ಪಾಲು ಬೇಡ ಎನ್ನುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯೋ, ಪ್ರೀತಿಯೋ, ಅದನ್ನು ಅಳೆಯುವುದು ನಿನ್ನ ಕೆಲಸವಲ್ಲ. ದಾರಿ ಸರಿಯಾಗಿರಲಿ ಅಷ್ಟೇ. ಮೊದಲು ಎಲ್ಲರ ಹೆಸರೂ ಜಂಟಿಯಾಗಿ ಪಹಣಿಗೆ ಬರಲಿ. ಬೇಡ ಎನ್ನುವವಳು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಲಿ. ಬಾಂಡ್ ಪೇಪರಿನ ಮೇಲೆ ಮನೆಯಲ್ಲೇ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಬಿಡುಗಡೆ ಪತ್ರವೆಂದು ಒಪ್ಪಿಕೊಳ್ಳಬೇಡ.

ಇದಕ್ಕೆ ಮಿತಿಯೂ ಇದೆ. ಹಿಂದಿನವರಿಂದ ಬಂದ ಹೊಲವಾದರೆ ಪಾಲಿನ ಲೆಕ್ಕ ಬೇರೆ, ಉಯಿಲು ಇದ್ದರೆ ಇನ್ನೂ ಬೇರೆ. ಯಾರ ಒಡೆತನ ಎಷ್ಟು ಎಂದು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ, ನೀನು ನ್ಯಾಯಾಧೀಶೆಯಾಗಲು ಹೋಗಬೇಡ. ವಾರಸುದಾರರ ಪಟ್ಟಿ ಪೂರ್ತಿ ಇದೆಯೇ ಎಂದು ನೋಡುವುದು ಮಾತ್ರ ಖಂಡಿತವಾಗಿ ನಿನ್ನ ಕೆಲಸ. ಕಡತ ಬೇಗ ಮುಗಿಯಲಿ ಎಂಬ ಒತ್ತಡವೂ ಇರುತ್ತದೆ. ಸಕಾಲದ ಗಡುವು ಹತ್ತಿರ ಬಂದಾಗ ದಾಖಲೆ ಸಾಲದು ಎಂದು ತಿರಸ್ಕರಿಸಿದರೂ ಲೆಕ್ಕಕ್ಕೆ ವಿಲೇವಾರಿ ಎಂದೇ ಸೇರುತ್ತದೆ. ಕೊನೆಯ ದಿನದ ತಿರಸ್ಕಾರಗಳು ಹೆಚ್ಚಾಗಿ ಕಂಡರೆ ಕಾರಣ ಕೇಳು.

ಪ್ರಿಲಿಮ್ಸಿಗೆ ಕೂತಾಗ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟುಬಿಡು, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಹೋಗುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ಆ ಪಾಠವನ್ನು ಇನ್ನು ಮರೆತುಬಿಡು. ಅಲ್ಲಿ ಬಿಟ್ಟ ಪ್ರಶ್ನೆಯಿಂದ ನಿನ್ನ ಅಂಕ ಕಳೆಯುತ್ತಿರಲಿಲ್ಲ. ಇಲ್ಲಿ ನೀನು ನೋಡದೆ ಬಿಟ್ಟ ಕಡತದಿಂದ ಯಾವಳೋ ಒಬ್ಬಳ 36 ಗುಂಟೆ ಹೋಗುತ್ತದೆ. ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲೇ ಅಂಥ ಹತ್ತು ಕಡತ ತರಿಸಿ ಓದು, ಏನು ಕಂಡಿತು ಎಂದು ನನಗೆ ಬರೆ.