ಎಲುಬು ಮುರಿದಿಲ್ಲ ಅಂದರು, ಹೆಗಲ ಮೇಲಿನ ಉಬ್ಬು ಯಾಕೆ ಇಳಿದಿಲ್ಲ?

ಪ್ರಶ್ನೆ: ನನಗೆ 34 ವರ್ಷ, ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ ಹಮಾಲಿ ಕೆಲಸ. ಹನ್ನೆರಡು ದಿನದ ಹಿಂದೆ ಸಂಜೆ ಊರಿಗೆ ಹೋಗುವಾಗ ಕಬ್ಬಿನ ಟ್ರ್ಯಾಕ್ಟರಿನಿಂದ ರಸ್ತೆಗೆ ಬಿದ್ದಿದ್ದ ಮಣ್ಣಿನ ಮೇಲೆ ಗಾಡಿ ಜಾರಿತು. ಕೈ ಊರಲು ಆಗಲಿಲ್ಲ, ಬಲ ಹೆಗಲಿನ ತುದಿಯೇ ನೆಲಕ್ಕೆ ಬಡಿಯಿತು. ಹೆಗಲ ಮೇಲ್ಭಾಗದಲ್ಲಿ ನೋವಿದೆ, ಒಂದು ಗಂಟಿನಂತೆ ಉಬ್ಬಿದೆ. ಎಕ್ಸ್‌ರೇ ತೆಗೆಸಿದೆ, ಎಲುಬು ಮುರಿದಿಲ್ಲ ಅಂದರು. ಮನೆಯವರು ‘ಎಲುಬು ಸರಿದದ, ನಾಟಿ ವೈದ್ಯರ ಹತ್ತಿರ ಕೂರಿಸಿಕೊಂಡು ಬಾ’ ಅನ್ನುತ್ತಾರೆ. ನಮ್ಮ ಕಾಕಾನಿಗೆ ಹೀಗೇ ಬಿದ್ದಾಗ ಪ್ಲೇಟ್ ಹಾಕಿದ್ದರು. ನನಗೂ ಬೇಕಾಗುತ್ತದೆಯೇ? ಚೀಲ ಹೊರುವುದು ಯಾವಾಗ? ಎಕ್ಸ್‌ರೇ ಫೋಟೊ ಕಳಿಸಿದ್ದೇನೆ.
— ಹೆಸರು ಬೇಡ, ನಿಪ್ಪಾಣಿ

ಉತ್ತರ: ಮುರಿದಿಲ್ಲ ಅಂದದ್ದು ಸರಿ. ಆದರೆ ಮುರಿಯದಿದ್ದರೆ ಪೆಟ್ಟೇ ಆಗಿಲ್ಲ ಎಂದಲ್ಲ. ನಿಮ್ಮ ಹೆಗಲಿನ ಒಂದು ಸಣ್ಣ ಕೀಲು ಬಿಟ್ಟುಕೊಂಡಿರುವಂತೆ ಕಾಣುತ್ತದೆ.

ನಾವು ಕಾಲರ್ ಬೋನ್ ಎನ್ನುವ ಕೊರಳೆಲುಬು ಗಂಟಲ ಕುಳಿಯ ಪಕ್ಕದಿಂದ ಹೊರಟು ಹೆಗಲ ತುದಿಯವರೆಗೆ ಬರುತ್ತದೆ. ಅಲ್ಲಿ ಅದು ಬೆನ್ನಿನ ಹೆಗಲ ಹಲಗೆಯ ಮೇಲ್ತುದಿಯನ್ನು ಸೇರುತ್ತದೆ. ಇದೇ ಎ.ಸಿ. ಕೀಲು. ಇದನ್ನು ಹಿಡಿದಿರುವುದು ಎರಡು ಜೋಡಣೆ. ಒಂದು, ಕೀಲನ್ನೇ ಸುತ್ತಿದ ಲಿಗಮೆಂಟು. ಇನ್ನೊಂದು, ಅದಕ್ಕಿಂತ ಗಟ್ಟಿಯಾದದ್ದು, ಹೆಗಲ ಹಲಗೆಯ ಕೊರಕಾಯ್ಡ್ ಎಂಬ ಚಾಚಿನಿಂದ ಮೇಲೆ ಕೊರಳೆಲುಬಿಗೆ ಬಿಗಿದ ಲಿಗಮೆಂಟು. ತೋಳು ಮೈಗೆ ಅಂಟಿಕೊಂಡಿದ್ದಾಗ ಹೆಗಲ ತುದಿ ನೆಲಕ್ಕೆ ಬಡಿದರೆ ಹೆಗಲ ಹಲಗೆ ಕೆಳಕ್ಕೆ ತಳ್ಳಲ್ಪಡುತ್ತದೆ, ಕೊರಳೆಲುಬು ಇದ್ದಲ್ಲೇ ಉಳಿಯುತ್ತದೆ. ಆಗ ಮೊದಲು ಕೀಲಿನ ಲಿಗಮೆಂಟು ಹರಿಯುತ್ತದೆ, ಪೆಟ್ಟು ಜೋರಾಗಿದ್ದರೆ ಕೆಳಗಿನದೂ ಹರಿಯುತ್ತದೆ. ಅದೇ ಪೆಟ್ಟು ಕೆಲವರಲ್ಲಿ ಲಿಗಮೆಂಟಿನ ಬದಲು ಎಲುಬನ್ನೇ ಮುರಿಯುತ್ತದೆ. ನಿಮ್ಮ ಕಾಕಾನವರಿಗೆ ಆದದ್ದು ಬಹುಶಃ ಅದು.

ಎರಡನ್ನೂ ಗುರುತಿಸಲು ನಾನು ಮೊದಲು ಮಾಡುವುದು ಒಂದೇ ಬೆರಳಿನ ಪರೀಕ್ಷೆ. ಗಂಟಲ ಕುಳಿಯಿಂದ ಶುರುಮಾಡಿ ಕೊರಳೆಲುಬಿನ ಗುಂಟ ಮೆಲ್ಲಗೆ ಒತ್ತುತ್ತಾ ಹೆಗಲ ಕಡೆ ಬನ್ನಿ. ಮಧ್ಯದಲ್ಲೇ ಚುಚ್ಚಿದಂತೆ ನೋವಾದರೆ, ಅಲ್ಲಿ ಬಾವು ಇದ್ದರೆ, ಎಲುಬು ಮುರಿದಿರುವ ಸಂಭವ ಹೆಚ್ಚು. ಈ ಎಲುಬಿನ ಮುರಿತಗಳಲ್ಲಿ ಹೆಚ್ಚಿನವು ಮಧ್ಯದ ಮೂರನೇ ಒಂದು ಭಾಗದಲ್ಲೇ ಆಗುತ್ತವೆ. ಎಲುಬಿನುದ್ದಕ್ಕೂ ನೋವಿಲ್ಲದೆ ಕಟ್ಟಕಡೆಯ ತುದಿಯಲ್ಲಿ ಮಾತ್ರ ನೋವಿದ್ದರೆ, ಪೆಟ್ಟಾದ ಕೈಯನ್ನು ಎದೆಯ ಮೇಲಿಂದ ಇನ್ನೊಂದು ಹೆಗಲಿಗೆ ಒಯ್ದಾಗ ಅದೇ ಜಾಗ ಹಿಂಡಿದಂತಾದರೆ, ಪೆಟ್ಟು ಕೀಲಿನದು. ಉಬ್ಬಿದ ತುದಿಯನ್ನು ಒತ್ತಿದಾಗ ಹಾರ್ಮೋನಿಯಂ ಮನೆಯಂತೆ ಕೆಳಗಿಳಿದು, ಬಿಟ್ಟೊಡನೆ ಮೇಲೇಳಬಹುದು. ಪದೇ ಪದೇ ಒತ್ತಿ ನೋಡಬೇಡಿ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಕೊರಳೆಲುಬು ತನ್ನ ತುದಿಗೆ ಒಂದೆರಡು ಸೆಂಟಿಮೀಟರ್ ಈಚೆ ಮುರಿದರೂ ನೋವು, ಉಬ್ಬು ಹೆಚ್ಚುಕಡಿಮೆ ಇದೇ ತರಹ ಇರುತ್ತದೆ. ಅದನ್ನು ಬೆರಳು ಹೇಳಲಾರದು, ಎಕ್ಸ್‌ರೇ ಬೇಕು.

ಈಗ ನಿಮ್ಮ ಎಕ್ಸ್‌ರೇ ವಿಷಯ. ಫೋಟೊದಲ್ಲಿ ಕಾಣುವಷ್ಟರ ಮಟ್ಟಿಗೆ ಎಲುಬು ಅಖಂಡವಾಗಿದೆ. ಅದರ ತುದಿ ಹೆಗಲ ತುದಿಗಿಂತ ಎಲುಬಿನ ಅರ್ಧ ದಪ್ಪದಷ್ಟು ಮೇಲಿದೆ. ಇಷ್ಟೇ ಆಗಿದ್ದರೆ ಇದು ಎರಡನೇ ದರ್ಜೆಯ ಪೆಟ್ಟು, ಎಂದರೆ ಕೀಲಿನ ಲಿಗಮೆಂಟು ಹರಿದಿದೆ, ಕೆಳಗಿನದು ಎಳೆದುಕೊಂಡಿದೆ ಆದರೆ ಹಿಡಿದಿದೆ. ಆದರೆ ಇದು ಮಲಗಿಸಿ ತೆಗೆದ ಫಿಲ್ಮು, ಬಲ ಹೆಗಲಿನದು ಮಾತ್ರ. ಮಲಗಿದಾಗ ತೋಳಿನ ಭಾರ ಕೆಳಗೆ ಎಳೆಯುವುದಿಲ್ಲ, ಹಾಗಾಗಿ ಕೀಲು ಎಷ್ಟು ಬಿಟ್ಟಿದೆ ಎಂಬುದು ಮುಚ್ಚಿಹೋಗುತ್ತದೆ. ನಿಂತು, ಕೈ ಇಳಿಬಿಟ್ಟು, ಎರಡೂ ಹೆಗಲು ಒಂದೇ ಫಿಲ್ಮಿನಲ್ಲಿ ಬರುವಂತೆ ತೆಗೆಸಿ. ಎ.ಸಿ. ಕೀಲು ನೋಡಬೇಕೆಂದು ಚೀಟಿಯಲ್ಲಿ ಬರೆಸಿ. ಆಗ ಟೆಕ್ನಿಷಿಯನ್ ಟ್ಯೂಬನ್ನು ಹತ್ತು–ಹದಿನೈದು ಡಿಗ್ರಿ ಮೇಲಕ್ಕೆ ತಿರುಗಿಸಿ, ಎಕ್ಸ್‌ರೇ ಪ್ರಮಾಣವನ್ನೂ ಕಡಿಮೆ ಮಾಡುತ್ತಾರೆ. ಸಾಮಾನ್ಯ ಹೆಗಲಿನ ಪ್ರಮಾಣದಲ್ಲಿ ಈ ಸಣ್ಣ ಕೀಲು ಕಪ್ಪಾಗಿ ಮರೆಯಾಗುತ್ತದೆ. ಬಗಲಿನ ಕಡೆಯಿಂದ ಇನ್ನೊಂದು ಚಿತ್ರವೂ ಬೇಕು, ಎಲುಬು ಹಿಂದಕ್ಕೆ ಸರಿದಿದ್ದರೆ ಮುಂದಿನಿಂದ ತೆಗೆದದ್ದರಲ್ಲಿ ಗೊತ್ತಾಗುವುದಿಲ್ಲ.

ಆ ಫಿಲ್ಮಿನಲ್ಲಿ ಕೊರಕಾಯ್ಡ್‌ಗೂ ಕೊರಳೆಲುಬಿಗೂ ನಡುವಿನ ಅಂತರ ಅಳೆಯುತ್ತಾರೆ. ಸಾಮಾನ್ಯವಾಗಿ ಅದು 11ರಿಂದ 13 ಮಿ.ಮೀ. ನಿಮ್ಮ ಎಡಗಡೆ 12 ಇದ್ದು ಬಲಗಡೆ 14 ಬಂದರೆ ಎರಡನೇ ದರ್ಜೆ. 18 ಬಂದರೆ ಎರಡೂ ಜೋಡಣೆ ಹರಿದಿವೆ, ಮೂರನೇ ದರ್ಜೆ. 24 ದಾಟಿದರೆ ಐದನೆಯದು. ಎಲುಬು ಹಿಂದಕ್ಕೆ ಸರಿದು ಸ್ನಾಯುವಿನೊಳಗೆ ಹೊಕ್ಕಿದ್ದರೆ ನಾಲ್ಕನೆಯದು. ನಾಲ್ಕು, ಐದಕ್ಕೆ ಆಪರೇಷನ್ ಸಲಹೆ ಕೊಡುತ್ತೇವೆ. ಮೂರನೆಯದನ್ನೂ ಮೊದಲು ಆಪರೇಷನ್ ಇಲ್ಲದೆಯೇ ನೋಡುವುದು ನನ್ನ ಪದ್ಧತಿ. ಹೆಚ್ಚಿನವರ ಹೆಗಲು ಕೆಲಸಕ್ಕೆ ಬರುವಷ್ಟು ಸುಧಾರಿಸುತ್ತದೆ, ಉಬ್ಬು ಮಾತ್ರ ಉಳಿಯುತ್ತದೆ. ಆಪರೇಷನ್ ಬೇಕೇ ಆದರೆ ಬಿದ್ದ ಮೂರು ವಾರದೊಳಗೆ ಮಾಡುವುದು ಸುಲಭ. ನಿಮಗೆ ಹನ್ನೆರಡು ದಿನ ಆಗಲೇ ಕಳೆದಿದೆ, ಈ ವಾರವೇ ಎಲುಬಿನ ಡಾಕ್ಟರರನ್ನು ಕಾಣಿ. ನಿಪ್ಪಾಣಿಯಲ್ಲಿ ಆಗದಿದ್ದರೆ ಕೊಲ್ಲಾಪುರದ ಸಿ.ಪಿ.ಆರ್. ಅಥವಾ ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಹೋಗಬಹುದು.

ನಾಟಿ ವೈದ್ಯರ ಹತ್ತಿರ ‘ಕೂರಿಸಿಕೊಳ್ಳಲು’ ದಯವಿಟ್ಟು ಹೋಗಬೇಡಿ. ಕೊರಳೆಲುಬು ಮೇಲೆದ್ದಂತೆ ಕಂಡರೂ ನಿಜಕ್ಕೆ ಇಳಿದಿರುವುದು ತೋಳು ಮತ್ತು ಹೆಗಲ ಹಲಗೆ. ಎಲುಬನ್ನು ಕೆಳಕ್ಕೆ ಒತ್ತಿದರೆ ಕೈ ಬಿಟ್ಟ ಕ್ಷಣ ಅದು ಮತ್ತೆ ಮೇಲೇಳುತ್ತದೆ, ಹಿಡಿಯುವ ಲಿಗಮೆಂಟೇ ಅಲ್ಲಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟಿ ಒತ್ತಿಟ್ಟರೆ ಉಬ್ಬಿನ ಮೇಲಿನ ತೆಳು ಚರ್ಮ ಹುಣ್ಣಾಗುತ್ತದೆ. ಎಣ್ಣೆ ತಿಕ್ಕುವುದೂ ಬೇಡ.

ಮಾಡಬೇಕಾದದ್ದು: ಇಳಿದ ತೋಳನ್ನು ಎತ್ತಿ ಹಿಡಿಯುವ ಜೋಳಿಗೆ ಪಟ್ಟಿ, ನೋವು ತಗ್ಗುವವರೆಗೆ, ಎಂದರೆ ಒಂದರಿಂದ ಮೂರು ವಾರ. ಬೆರಳು, ಮಣಿಕಟ್ಟು, ಮೊಣಕೈಯನ್ನು ಇವತ್ತಿನಿಂದಲೇ ಆಡಿಸಿ. ನೋವು ಕಡಿಮೆಯಾದಂತೆ ಮುಂದಕ್ಕೆ ಬಾಗಿ ಕೈ ಇಳಿಬಿಟ್ಟು ತೂಗಿಸಿ, ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ ಕೈ ಎತ್ತಿ. ಆರು ವಾರ ಭಾರ ಎತ್ತುವುದು ಬೇಡ. ನಿಮ್ಮ ಚೀಲ ಕೂರುವುದು ಸರಿಯಾಗಿ ಆ ಕೀಲಿನ ಮೇಲೇ, ಹಾಗಾಗಿ ಬಲ ಹೆಗಲಿಗೆ ಚೀಲ ಮೂರು ತಿಂಗಳು ಬೇಡ. ಅಲ್ಲಿಯವರೆಗೆ ತೂಕ ಬರೆಯುವುದೋ ಕೈಗಾಡಿ ತಳ್ಳುವುದೋ ಕೊಡಿ ಎಂದು ಮುಕಾದಮರಿಗೆ ತೋರಿಸಲು ಡಾಕ್ಟರರಿಂದ ಚೀಟಿ ಬರೆಸಿಕೊಳ್ಳಿ. ಕೈ ಜೋಮು ಹಿಡಿದರೆ, ತಣ್ಣಗಾದರೆ, ಉಸಿರು ಕಟ್ಟಿದಂತಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಕಾಕಾನವರ ಪ್ಲೇಟಿನ ಲೆಕ್ಕ ಬೇರೆ. ಮಧ್ಯದಲ್ಲಿ ಮುರಿದ ಕೊರಳೆಲುಬು ಬಹಳ ಸಲ ಬರೀ ಜೋಳಿಗೆಯಲ್ಲೇ ಆರರಿಂದ ಹನ್ನೆರಡು ವಾರದಲ್ಲಿ ಕೂಡುತ್ತದೆ. ತುಂಡುಗಳು ಎರಡು ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಏರಿದ್ದರೆ ಅಥವಾ ಚೂಪಾದ ತುದಿ ಚರ್ಮವನ್ನು ಬಿಳಿಚುವಂತೆ ಎತ್ತಿದ್ದರೆ ಪ್ಲೇಟ್ ಹಾಕುತ್ತಾರೆ. ಬೀಡಿ ಸಿಗರೇಟು ಸೇದುವವರಲ್ಲಿ ಈ ಎಲುಬು ಕೂಡದೇ ಉಳಿಯುವ ಅಪಾಯ ಹೆಚ್ಚು.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಸೈಕಲ್ಲಿನಿಂದ ಬಿದ್ದು ಕೊರಳೆಲುಬು ಮಧ್ಯದಲ್ಲಿ ಮುರಿದು ಮೂರು ವಾರವಾಯಿತು. ನೋವಿಲ್ಲ, ಆದರೆ ಅಲ್ಲೊಂದು ಗಟ್ಟಿ ಗಂಟು ದೊಡ್ಡದಾಗುತ್ತಿದೆ. ಹೆದರಿಕೆಯಾಗಿದೆ.
— ಒಬ್ಬ ತಾಯಿ, ರಾಯಬಾಗ

ಉತ್ತರ: ಹೆದರಬೇಡಿ ತಾಯಿ. ಅದು ಮುರಿದ ಎಲುಬನ್ನು ಬೆಸೆಯುತ್ತಿರುವ ಹೊಸ ಎಲುಬು. ಕೆಲವು ತಿಂಗಳಲ್ಲಿ ತಾನಾಗಿ ಸವೆದು ಸಮನಾಗುತ್ತದೆ, ತಿಕ್ಕಬೇಡಿ. ನೋವಿಲ್ಲದೆ ಕೈ ಪೂರ್ತಿ ಎತ್ತುತ್ತಿದ್ದರೆ ಜೋಳಿಗೆ ತೆಗೆಯಬಹುದೇ ಎಂದು ಡಾಕ್ಟರರನ್ನು ಕೇಳಿ. ಸೈಕಲ್ಲು, ಕಬಡ್ಡಿ ಇನ್ನೂ ಕೆಲವು ವಾರ ಬೇಡ. ಗಂಟು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಕೂಡಲೇ ತೋರಿಸಿ.